ಗಂಡಿನ ಫೋಟೊ ಆರಿಸಲು ಗಂಡಿನ ತಾಯಿಯನ್ನು ಕೇಳಬೇಡಿ

ಹೋದ ತಿಂಗಳು ತಿಪಟೂರಿನಿಂದ ಚಿಕ್ಕಮ್ಮ ಒಂದೇ ಸಲಕ್ಕೆ ಒಂಬತ್ತು ಫೋಟೊ ವಾಟ್ಸಾಪ್ ಮಾಡಿದರು. ಒಂಬತ್ತೂ ಅವರ ಮಗನದೇ. ಜೊತೆಗೊಂದು ವಾಯ್ಸ್ ಮೆಸೇಜ್: "ನೋಡಪ್ಪ, ಮ್ಯಾಟ್ರಿಮೊನಿಗೆ ಹಾಕಬೇಕು, ಯಾವುದು ಚೆನ್ನಾಗಿದೆ ಹೇಳು. ನಂಗಂತೂ ಸೂಟ್ ಹಾಕ್ಕೊಂಡಿರೋದೇ ಇಷ್ಟ." ಕೇಳಿದ್ದೂ ಅವರೇ, ಉತ್ತರ ಕೊಟ್ಟಿದ್ದೂ ಅವರೇ.

ನಮ್ಮ ಕಡೆ ಫೋಟೊ ಆರಿಸೋದು ಹೀಗೇ ಅಲ್ವಾ. ಮನೆಮಂದಿ ಮೊಬೈಲ್ ಸುತ್ತ ಸೇರುತ್ತಾರೆ, ಯಾರು ಮೊದಲು ಬಾಯಿ ಬಿಡುತ್ತಾರೋ ಅವರ ಮಾತಿಗೆ ಉಳಿದವರು ಹೂಂ ಅನ್ನುತ್ತಾರೆ. ಮುಖ ನೋಡಿ ಹೇಳುವವರು ಕಡಿಮೆ. ಶರ್ಟು ಇಸ್ತ್ರಿ ಆಗಿದೆಯಾ, ಹಿಂದಿನ ಪರದೆ ಹೇಗಿದೆ, ಮುಖ್ಯವಾಗಿ ಬೆಳ್ಳಗೆ ಕಾಣ್ತಾನಾ, ಅಷ್ಟೇ.

ನಾನಿರುವ ಮ್ಯೂನಿಕ್‌ನಲ್ಲಿ ಮದುವೆಗೆ ಇಷ್ಟೆಲ್ಲ ಮಾಡುವುದಿಲ್ಲ, ಕೆಲಸಕ್ಕೆ ಮಾಡುತ್ತಾರೆ. ಅರ್ಜಿಯ ಜೊತೆ ಹಾಕುವ ಫೋಟೊಗೆ ಬೆವೆರ್ಬುಂಗ್ಸ್‌ಫೋಟೊ ಅಂತ ಬೇರೆ ಹೆಸರೇ ಇದೆ. 2006ರಲ್ಲಿ ತಾರತಮ್ಯ ತಡೆಯುವ ಕಾನೂನು ಬಂದ ಮೇಲೆ ಫೋಟೊ ಹಾಕಲೇಬೇಕು ಅಂತೇನಿಲ್ಲ, ಆದರೂ ಬಹಳ ಜನ ಹಾಕುತ್ತಾರೆ. ನಾನೂ ತೆಗೆಸಿದ್ದೆ. ಸ್ಟುಡಿಯೊದಾಕೆ ನಲವತ್ತರ ಹತ್ತಿರ ಫೋಟೊ ತೆಗೆದು, ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಎರಡೆರಡನ್ನೇ ಪಕ್ಕಪಕ್ಕ ತೋರಿಸಿದಳು. ಎಡಗಡೆಯದಾ, ಬಲಗಡೆಯದಾ? ಸೋತದ್ದು ಹೋಯಿತು, ಗೆದ್ದದ್ದರ ಪಕ್ಕಕ್ಕೆ ಮುಂದಿನದು ಬಂತು. ನಲವತ್ತನ್ನೂ ಒಟ್ಟಿಗೆ ನೋಡಿದ್ದರೆ ನನ್ನ ಕಣ್ಣು ಕೋಟಿನ ಮೇಲೇ ಇರುತ್ತಿತ್ತು. ಎರಡೇ ಇದ್ದಾಗ, ಒಂದರಲ್ಲಿ ತುಟಿ ನಗುತ್ತಿದೆ ಕಣ್ಣು ನಗುತ್ತಿಲ್ಲ ಅನ್ನೋದು ಕಾಣಿಸಿತು.

ಆದರೆ ಈ ಪದ್ಧತಿಯಲ್ಲೂ ಒಂದು ಹುಳುಕಿದೆ. ಆರಿಸುವವನು ಫೋಟೊದಲ್ಲಿರುವವನೇ. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಜನ ತಮಗಾಗಿ ತಾವೇ ಆರಿಸಿಕೊಂಡ ಫೋಟೊಗಳಿಗಿಂತ, ಅವರ ಪರಿಚಯವೇ ಇಲ್ಲದವರು ಅದೇ ಗುಂಪಿನಿಂದ ಆರಿಸಿಕೊಟ್ಟವು ನೋಡುವವರ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಿಸಿದವು. ಅಂದರೆ ಬೇರೆಯವರ ಕೈಲಿ ಆರಿಸುವ ನಮ್ಮ ರೂಢಿ ಸರಿ, ಆ ಬೇರೆಯವರು ನೆಂಟರಾಗಿರುವುದೇ ತಪ್ಪು. ಎರಡೆರಡನ್ನೇ ಹೋಲಿಸುವ ಜರ್ಮನ್ನರ ರೂಢಿ ಸರಿ, ತಾನೇ ಆರಿಸುವುದು ತಪ್ಪು. ಎರಡೂ ಕಡೆಯ ಒಳ್ಳೆಯದನ್ನು ಸೇರಿಸಿ ನೋಡೋಣ ಅಂತ ತಮ್ಮನಿಗೆ ಫೋನ್ ಮಾಡಿದೆ. ನಾಲ್ಕು ಜನಕ್ಕೆ ತೋರಿಸಬಹುದಾ ಅಂತ ಅವನನ್ನು ಮೊದಲು ಕೇಳಬೇಕಲ್ಲ. "ತೋರಿಸಣ್ಣ, ಆದ್ರೆ ಕಾರಲ್ಲಿ ತೆಗೆದಿರೋ ಸೆಲ್ಫಿನೇ ಬೆಸ್ಟು" ಅಂದ.

ಒಂಬತ್ತರಲ್ಲಿ ಐದನ್ನು ನಾನೇ ತೆಗೆದುಹಾಕಿದೆ. ಮುಳ್ಳಯ್ಯನಗಿರಿಯದು ಪೂರ್ತಿ ಆಳೆತ್ತರದ್ದು, ಮೇಲೆ ಕೂಲಿಂಗ್ ಗ್ಲಾಸ್. ಪಟ್ಟಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಕಾಣುವ ಚೌಕದಲ್ಲಿ ಅವನು ಬರೀ ಒಂದು ಕಡ್ಡಿ. ಪಾಸ್‌ಪೋರ್ಟ್ ಫೋಟೊ ಬೇಡವೇ ಬೇಡ. ಮೂರು ಹೆಚ್ಚುಕಡಿಮೆ ಒಂದೇ ಗಳಿಗೆಯವು. ಉಳಿದದ್ದು ನಾಲ್ಕು: ಸ್ಟುಡಿಯೊ ಸೂಟು, ಕಾರಿನ ಸೆಲ್ಫಿ, ಅಣ್ಣನ ಮದುವೆಯಲ್ಲಿ ಪೇಟ ಕಟ್ಟಿಕೊಂಡು ನಗುತ್ತಿರುವುದು, ಮನೆ ಜಗಲಿಯಲ್ಲಿ ಬೆಳಗಿನ ನೆರಳಲ್ಲಿ ಕೂತಿರುವುದು.

ತೋರಿಸುವ ಮೊದಲು ಒಂದು ಕೆಲಸ ಮಾಡಲೇಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನಾಲ್ಕರಲ್ಲೂ ಮುಖ ಒಂದೇ ಅಳತೆಗೆ ಬರುವ ಹಾಗೆ ಕತ್ತರಿಸಿದೆ. ಒಂದರಲ್ಲಿ ಮುಖ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು ಇದ್ದರೆ, ಜನ ಮುಖಕ್ಕಲ್ಲ, ಗಾತ್ರಕ್ಕೆ ವೋಟು ಹಾಕುತ್ತಾರೆ. ಬೆಳಕನ್ನೂ ಹತ್ತಿರ ಹತ್ತಿರ ತಂದೆ. ನಾಲ್ಕು ಫೋಟೊ ಅಂದರೆ ಆರು ಜೋಡಿ. ಹೆಂಡತಿಯ ಆಫೀಸಿನ ಇಬ್ಬರು, ಇಲ್ಲಿನ ಕನ್ನಡದ ಗೆಳೆಯರಲ್ಲಿ ನಾಲ್ವರು, ಯಾರಿಗೂ ತಮ್ಮ ಗೊತ್ತಿಲ್ಲ. ಒಬ್ಬೊಬ್ಬರಿಗೇ ತೋರಿಸಿದೆ, ಎಡ ಬಲ ಬದಲಾಯಿಸುತ್ತಾ. ಯಾವುದು ಚೆನ್ನಾಗಿದೆ ಅಂತ ಕೇಳಲಿಲ್ಲ. ಇವರಿಬ್ಬರಲ್ಲಿ ಯಾರ ಜೊತೆ ಅರ್ಧ ಗಂಟೆ ಕಾಫಿಗೆ ಕೂರ್ತೀರಿ ಅಂತ ಕೇಳಿದೆ. ಒಬ್ಬನೇ ಮನುಷ್ಯ ಅಂತ ಗೊತ್ತಿದ್ದೂ ಎಲ್ಲರೂ ಇಬ್ಬರೆಂದುಕೊಂಡೇ ಉತ್ತರ ಕೊಟ್ಟರು!

ಒಟ್ಟು ಮೂವತ್ತಾರು ವೋಟು. ಜಗಲಿಗೆ 14, ಪೇಟಕ್ಕೆ 12, ಸೂಟಿಗೆ 6, ಸೆಲ್ಫಿಗೆ 4. ಅಮ್ಮನದೂ ಮಗನದೂ ಎರಡೂ ಕೆಳಗಿನ ಸಾಲಿಗೆ ಬಂದವು.

ಸೆಲ್ಫಿ ಯಾಕೆ ಸೋತಿತು ಅನ್ನೋದಕ್ಕೆ ಕಾರಣ ಇದೆ. ಮೊಳದಷ್ಟು ದೂರವೂ ಇಲ್ಲದೆ ಹಿಡಿದ ಕ್ಯಾಮೆರಾಗೆ ಕಿವಿಗಿಂತ ಮೂಗು ತುಂಬಾ ಹತ್ತಿರ. ಅಮೆರಿಕದ ವೈದ್ಯರು 2018ರಲ್ಲಿ ಹಾಕಿದ ಲೆಕ್ಕದಲ್ಲಿ, ಐದು ಅಡಿ ದೂರದಿಂದ ತೆಗೆದದ್ದಕ್ಕೆ ಹೋಲಿಸಿದರೆ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ. ಹಾಗಿದ್ದೂ ಅವನಿಗೆ ಅದೇ ಇಷ್ಟ, ಯಾಕಂದರೆ ಅದು ಕನ್ನಡಿಯ ಹಾಗೆ ಎಡ ಬಲ ತಿರುಗಿರುವ ಚಿತ್ರ. ಬೈತಲೆ ಅವನು ದಿನಾ ನೋಡುವ ಕಡೆಗೇ ಇದೆ. ನಮ್ಮ ಮುಖ ನಮಗೆ ಕನ್ನಡಿಯಲ್ಲಿದ್ದಂತೆ ಇಷ್ಟ, ಬೇರೆಯವರಿಗೆ ಇದ್ದ ಹಾಗೆಯೇ ಇಷ್ಟ. ಇದು 1977ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡ ಸಂಗತಿ.

ಸೂಟಿನದ್ದು ಬೇರೆ ಕಥೆ. ಸ್ಟುಡಿಯೊದವರು ಮುಖಕ್ಕೆ ಬಿಳಿ ಬಳಿದಿದ್ದಾರೆ, ಕುತ್ತಿಗೆ ಮರೆತಿದ್ದಾರೆ. ದೊಡ್ಡದು ಮಾಡಿ ನೋಡಿದರೆ ದವಡೆ ಕೆಳಗೆ ಗೆರೆ ಎಳೆದ ಹಾಗೆ ಎರಡು ಬಣ್ಣ. "ಇವರು ಏನೋ ಮುಚ್ಚಿಡ್ತಿದಾರೆ" ಅಂದಳು ಒಬ್ಬಳು. ಹೆಣ್ಣಿನ ಮನೆಯವರೂ ಅದನ್ನೇ ಅಂದುಕೊಳ್ಳೋದು.

ಉಳಿದದ್ದು 14 ಮತ್ತು 12. ಆರು ಜನರ ವೋಟಿನಲ್ಲಿ ಎರಡರ ವ್ಯತ್ಯಾಸ ವ್ಯತ್ಯಾಸವೇ ಅಲ್ಲ, ಒಬ್ಬರು ಒಂದು ವೋಟು ಬದಲಿಸಿದರೆ ಸಮಸಮ ಆಗಿಬಿಡುತ್ತದೆ. ಹಾಗಾಗಿ ಆ ಆರೂ ಜನಕ್ಕೆ ತಮ್ಮನನ್ನು ವಿಡಿಯೊ ಕಾಲ್‌ನಲ್ಲಿ ಒಂದು ನಿಮಿಷ ಮಾತಾಡಿಸಿ, ಎರಡರಲ್ಲಿ ಯಾವುದು ಇವನ ಹಾಗಿದೆ ಅಂತ ಕೇಳಿದೆ. ಐದು ಜನ ಜಗಲಿ ಅಂದರು. ಆರನೆಯವರು ಪೇಟದ ಫೋಟೊವನ್ನೇ ಸ್ವಲ್ಪ ಹೊತ್ತು ನೋಡಿ, "ಏನೂ ಅಂದ್ಕೋಬೇಡಿ, ಎರಡನೇ ಸಂಬಂಧನಾ?" ಅಂದರು. ಪೇಟ, ರೇಷ್ಮೆ ಶಲ್ಯ, ಹಿಂದೆ ಬಾಳೆಕಂದು. ಹೌದಲ್ಲ, ಥೇಟ್ ಮದುವೆ ಗಂಡು! ಇಷ್ಟು ದಿನ ನಮಗ್ಯಾರಿಗೂ ಅದು ಕಾಣಲಿಲ್ಲ, ಯಾಕಂದರೆ ಅದು ಯಾರ ಮದುವೆ ಅಂತ ನಮಗೆಲ್ಲ ಗೊತ್ತಿತ್ತು.

ಜಗಲಿ ಫೋಟೊ ಹಾಕು ಅಂತ ಚಿಕ್ಕಮ್ಮನಿಗೆ ಹೇಳಿದೆ. ಸುಮಾರು ಹೊತ್ತು ನೋಡಿದರು. "ಇದರಲ್ಲಿ ನನ್ನ ಮಗ ನನ್ನ ಮಗನ ಥರಾನೇ ಇದ್ದಾನೆ ಕಣಪ್ಪ, ಗಂಡಿನ ಥರ ಇಲ್ಲ" ಅಂದರು. ಕೊನೆಗೆ ಮೊದಲನೆಯದಾಗಿ ಅದನ್ನೇ ಹಾಕಿದ್ದಾರೆ. ಸೂಟಿನದನ್ನು ನಾಲ್ಕು ಪ್ರಿಂಟ್ ಹಾಕಿಸಿ, ಜಾತಕದ ಜೊತೆ ವ್ಯಾನಿಟಿ ಬ್ಯಾಗಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರಂತೆ.