ಒಂದು ರೂಪಾಯಿ ಕೊಟ್ಟು ಒಂಬತ್ತು ತಿಂಗಳು

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕಾಕಾ ನಿವೃತ್ತ ಹೆಡ್‌ಮಾಸ್ತರರು. ಕಾಯಿಪಲ್ಲೆಯವನ ಬಳಿ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ಅವರು, ಮೊಮ್ಮಗನಿಗೆ ಇಂಗ್ಲಿಷ್ ಕಲಿಸುತ್ತೇವೆಂದ ಒಂದು ಆ್ಯಪ್‌ಗೆ ಒಂದು ರೂಪಾಯಿಯ ಟ್ರಯಲ್ ಎಂದು ಯುಪಿಐ ಪಿನ್ ಒತ್ತಿದ್ದರು. ಹುಡುಗ ಎರಡು ದಿನ ಆಡಿ ಬಿಟ್ಟ. ಕಾಕಾ ಆ್ಯಪನ್ನು ಮೊಬೈಲಿನಿಂದ ಕಿತ್ತುಹಾಕಿ ನಿಶ್ಚಿಂತರಾದರು. ಆದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಆಟೋಪೇ ಅಳಿಯುವುದಿಲ್ಲ. ಪ್ರತಿ ತಿಂಗಳೂ ತಾನಾಗಿಯೇ ಹಣ ಕಡಿತವಾಗಲೆಂದು ಪಿನ್ ಒತ್ತಿ ಕೊಟ್ಟ ಆ ಅನುಮತಿ ಇರುವುದು ಬ್ಯಾಂಕಿನಲ್ಲಿ. ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನ, ತಿಂಗಳಿಗೆ 499ರಂತೆ ಒಂಬತ್ತು ಸಲ, ಒಟ್ಟು 4,491 ರೂಪಾಯಿ ಹೋಗಿರುವುದು ಕಂಡಿತು. "ಒಂದ ರೂಪಾಯಿ ಅಂದಿದ್ರಪಾ, ಇವರು ಮನೀನ ಬರಸ್ಕೊಂಡಾರಲ್ಲೋ!" ಎಂದು ಅವರು ನನಗೆ ಫೋನ್ ಮಾಡಿದರು.

ನಾನು ಹೋಗುವಷ್ಟರಲ್ಲಿ ದೂರಿನ ಪತ್ರ ಸಿದ್ಧವಾಗಿತ್ತು. ತಮ್ಮ ಸೇವಾವಧಿಯ ವಿವರದಿಂದ ಶುರುವಾಗಿ, ಶಿಕ್ಷಣ ಕ್ಷೇತ್ರದ ಅವನತಿಯನ್ನು ಹಾದು, ಗ್ರಾಹಕ ನ್ಯಾಯಾಲಯಕ್ಕೆ ಎಳೆಯುವ ಎಚ್ಚರಿಕೆಯಲ್ಲಿ ಮುಗಿದಿದ್ದ ಆ ಪತ್ರದಲ್ಲಿ ನೋಂದಾಯಿತ ಮೊಬೈಲ್ ಸಂಖ್ಯೆಯೂ ಇರಲಿಲ್ಲ, ಹಣ ಕಡಿತವಾದ ಒಂದು ದಿನಾಂಕವೂ ಇರಲಿಲ್ಲ. "ಮತ್ತ ನನ್ನ ಎಲ್ಲಾ ಮಾಹಿತಿ ಅಳಸಿ ಹಾಕ್ರಿ ಅಂತ ಬರದೀನಿ, ಇವರ ಸಹವಾಸನ ಬ್ಯಾಡ," ಎಂದರು ಹೆಮ್ಮೆಯಿಂದ. ಆ ಸಾಲನ್ನು ನಾನು ಮೊದಲು ಹೊಡೆದುಹಾಕಿದೆ. ಹುಡುಗ ಎರಡನೆಯ ದಿನದ ನಂತರ ಆ್ಯಪನ್ನು ಮುಟ್ಟಿಯೇ ಇಲ್ಲವೆಂಬುದಕ್ಕೆ ಸಾಕ್ಷಿ ಕಂಪನಿಯ ಬಳಿಯೇ ಇರುವ ಲಾಗಿನ್ ದಾಖಲೆ. ಖಾತೆಯನ್ನೇ ಅಳಿಸಿರೆಂದರೆ ನಮ್ಮ ಏಕೈಕ ಸಾಕ್ಷಿಯನ್ನು ನಾವೇ ಊರು ಬಿಡಿಸಿದಂತಾಗುತ್ತಿತ್ತು.

ಆಮೇಲೆ ಯುಪಿಐ ಆ್ಯಪಿನ ಆಟೋಪೇ ಪುಟದ ಚಿತ್ರ ತೆಗೆದಿಟ್ಟುಕೊಂಡು, ಅಲ್ಲಿಯೇ ಅದನ್ನು ರದ್ದು ಮಾಡಿದೆವು. ಮಾತುಕತೆ ಮುಗಿಯುವ ಮೊದಲು ಹತ್ತನೆಯ ಕಂತು ಹೋಗಿಬಿಟ್ಟರೆ ಕಾಕಾರ ರಕ್ತದೊತ್ತಡಕ್ಕೆ ಯಾವ ಕಂಪನಿಯೂ ಜವಾಬ್ದಾರಿ ಹೊರುವುದಿಲ್ಲ. ಹೊಸ ಪತ್ರ ನಾಲ್ಕೇ ಸಾಲಿನದಾಯಿತು: ಈ ಸಂಖ್ಯೆಯ ಖಾತೆ, ಈ ದಿನಾಂಕಗಳ ಕಡಿತ, ಟ್ರಯಲ್‌ನ ನಂತರ ಬಳಕೆ ಇಲ್ಲ, ದಯವಿಟ್ಟು ನಿಮ್ಮ ದಾಖಲೆಯಲ್ಲಿ ಪರಿಶೀಲಿಸಿ ಬಳಸದ ತಿಂಗಳುಗಳ ಹಣ ಮರಳಿಸಿ. ಕಾಕಾರಿಗೆ ಇದು ರಜಾ ಅರ್ಜಿಯಂತೆ ಸಪ್ಪೆಯೆನಿಸಿತು.

ಮೊದಲ ಉತ್ತರ ಕೂಡಲೇ ಬಂತು: ನಿಯಮದಂತೆ ಮರುಪಾವತಿ ಇಲ್ಲ. ಇದು ಯಂತ್ರದಿಂದ ಬಂದಂಥ ಸಿದ್ಧ ಉತ್ತರ. ಇಲ್ಲಿಗೇ ಸೋತು ಕೂರುವವರು ಬಹಳ. ನಾವು ಅದೇ ಪತ್ರಕ್ಕೆ ಮರುಉತ್ತರ ಬರೆದು, ಕೊನೆಯ ಲಾಗಿನ್ ದಿನಾಂಕ ತಿಳಿಸಿರೆಂದು ಕೇಳಿದೆವು. ಆಗ ಮನುಷ್ಯರೊಬ್ಬರು ಕಾಣಿಸಿಕೊಂಡು, ಸೌಜನ್ಯಕ್ಕಾಗಿ ಕೊನೆಯ ಒಂದು ತಿಂಗಳ ಹಣ ಕೊಡುವುದಾಗಿ ಹೇಳಿದರು. ಕಾಕಾರೊಳಗಿನ ಸಂತೆಯ ಮನುಷ್ಯ ಎದ್ದು ಕುಳಿತದ್ದೇ ಆಗ. ಒಂದು ತಿಂಗಳಿಗೆ ಒಪ್ಪಿದವನು ಮೂರಕ್ಕೂ ಒಪ್ಪುತ್ತಾನೆ ಎಂಬುದು ಅವರ ಲೆಕ್ಕ, ಮತ್ತು ಆ ಲೆಕ್ಕ ತಪ್ಪಾಗಲಿಲ್ಲ.

ಸಾಮಾನ್ಯವಾಗಿ ಕಂಪನಿಗಳು ಹೋಗುವುದು ಇಷ್ಟು ದೂರವೇ. ಇತ್ತೀಚಿನ ಒಂದು ಕಂತನ್ನು ಹೆಚ್ಚು ತಕರಾರಿಲ್ಲದೆ ಬಿಡುತ್ತವೆ. ಬಳಸಿಯೇ ಇಲ್ಲವೆಂದು ದಾಖಲೆ ಹೇಳಿದರೆ ಎರಡು ಮೂರು ತಿಂಗಳವರೆಗೆ ಬರುತ್ತವೆ. ಅದರಾಚೆಗೆ ಬರುವುದು ವಿರಳ. ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು. ಪ್ರತಿ ತಿಂಗಳೂ ತಿಳಿಸಿದ್ದೆವಲ್ಲ ಎಂಬುದೇ ಕಂಪನಿಯ ಗುರಾಣಿ. ಕಾಕಾರ ಮೊಬೈಲಿನಲ್ಲಿ ಹುಡುಕಿದಾಗ, ಸಾಲ ಕೊಡುತ್ತೇವೆನ್ನುವ, ಲಕ್ಕಿ ಡ್ರಾ ಗೆದ್ದಿರೆನ್ನುವ ನೂರಾರು ಸಂದೇಶಗಳ ನಡುವೆ ಒಂಬತ್ತು ಸೂಚನೆಗಳೂ ತೆರೆಯದೆ ಬಿದ್ದಿದ್ದವು. ಅವು ಬಂದಿರದಿದ್ದರೆ, ಅಥವಾ ರದ್ದು ಮಾಡಿದ ಮೇಲೂ ಹಣ ಹೋಗಿದ್ದರೆ, ಮಾತೇ ಬೇರೆ. ಆಗ ಅದು ಸೌಜನ್ಯದ ಬೇಡಿಕೆಯಾಗಿ ಉಳಿಯದೆ ಹಕ್ಕಿನ ತಕರಾರಾಗುತ್ತಿತ್ತು, ಒಂಬತ್ತು ತಿಂಗಳನ್ನೂ ಧೈರ್ಯವಾಗಿ ಕೇಳಬಹುದಿತ್ತು.

ಕೊನೆಗೆ ಮೂರು ತಿಂಗಳ 1,497 ರೂಪಾಯಿ, ಹೋದ ಖಾತೆಗೇ ಮರಳಿ ಬಂತು. ಉಳಿದ 2,994ಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆದರೆ ಒಂಬತ್ತು ಸೂಚನೆಗಳು ಎದುರಿಗಿರುವಾಗ ನಮ್ಮ ಪಕ್ಷ ಅಷ್ಟು ಗಟ್ಟಿಯಲ್ಲ ಎಂದೆ. ಕಾಕಾ ಕಿವಿಗೊಡಲಿಲ್ಲ. ತಾವು ಬರೆದಿದ್ದ ಆ ಉದ್ದನೆಯ ಪತ್ರವನ್ನು ಕಪಾಟಿನಿಂದ ತೆಗೆದು, ಅದರಲ್ಲಿ ದಿನಾಂಕಗಳನ್ನು ತುಂಬಿಸಲು ಕುಳಿತರು. ಕಾಕು ಮಾತ್ರ ಒಳಗಿನಿಂದಲೇ, ಬಂದಿರುವ ಹಣ ಮೊದಲು ಕಿರಾಣಿ ಅಂಗಡಿಯ ಬಾಕಿಗೆ ಹೋಗಲಿ ಎಂದು ತೀರ್ಪು ಕೊಟ್ಟರು.