‘931 ಜಿಬಿ ತೋರಿಸುವುದು ಸಹಜ’ ಎಂದ ಸೆಲ್ಲರ್‌ಗೆ ಬರೆದ ಪತ್ರ

ಆನ್‌ಲೈನ್‌ನಲ್ಲಿ ಕೊಂಡ ವಸ್ತು ಕೈಕೊಟ್ಟಾಗ ನಾವು ಬರೆಯುವ ದೂರಿನಲ್ಲಿ ಸಿಟ್ಟು ಜಾಸ್ತಿ ಇರುತ್ತದೆ, ವಿಷಯ ಕಡಿಮೆ ಇರುತ್ತದೆ. ಸಿಟ್ಟು ಬರುವುದು ನ್ಯಾಯವೇ. ಆದರೆ ರಿಫಂಡ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ವ್ಯಕ್ತಿಯ ಮುಂದೆ ಇಂಥ ದೂರುಗಳ ಸಾಲೇ ಇರುತ್ತದೆ. ಯಾವ ಆರ್ಡರ್, ಏನು ತಪ್ಪಾಗಿದೆ, ಸಾಕ್ಷಿ ಎಲ್ಲಿದೆ, ಏನು ಬೇಕು. ಈ ನಾಲ್ಕು ಅವರ ಕಣ್ಣಿಗೆ ಬೀಳದಿದ್ದರೆ, ಸಿದ್ಧವಿರುವ ಉತ್ತರಗಳಲ್ಲಿ ಒಂದನ್ನು ಕಳಿಸಿ ದೂರು ಮುಚ್ಚಿಬಿಡುತ್ತಾರೆ.

ನನ್ನ ತಂಗಿಗೆ ಆಗಿದ್ದೂ ಅದೇ. ಮಕ್ಕಳ ಫೋಟೋ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಇಡೋಣ ಅಂತ ಅವಳು 1 ಟಿಬಿಯ ಪೆನ್ ಡ್ರೈವ್ ತರಿಸಿದ್ದಳು. ಕಂಪ್ಯೂಟರ್‌ಗೆ ಹಾಕಿದರೆ 931 ಜಿಬಿ ಅಂತ ತೋರಿಸುತ್ತಿತ್ತು. ಫೋಟೋಗಳನ್ನು ಕಾಪಿ ಮಾಡಿದಳು, ಎಲ್ಲೂ ಎರರ್ ಬರಲಿಲ್ಲ. ಆಮೇಲೆ ತೆರೆದು ನೋಡಿದರೆ ಮೊದಲ ಕೆಲವು ಫೋಲ್ಡರ್‌ಗಳು ಚೆನ್ನಾಗಿವೆ. ಅದರಾಚೆಗೆ ಫೈಲಿನ ಹೆಸರಿದೆ, ಸೈಜ್ ಇದೆ, ಫೋಟೋ ಮಾತ್ರ ತೆರೆಯುವುದೇ ಇಲ್ಲ. ಮಧ್ಯೆ ಒಂದು ಫೋಟೋದಲ್ಲಿ ಮೇಲ್ಗಡೆ ಮಗುವಿನ ಮುಖ ಕಾಣುತ್ತದೆ, ಕೆಳಗಿನರ್ಧ ಬರೀ ಬೂದು ಬಣ್ಣ. ಮೂಲ ಫೋಟೋಗಳು ಫೋನಿನಲ್ಲಿ ಹಾಗೇ ಇದ್ದವು, ಪುಣ್ಯ.

ಅವಳು ಬರೆದ ಮೊದಲ ದೂರು ಹೆಚ್ಚೂಕಮ್ಮಿ ಹೀಗಿತ್ತು: ‘ನೀವು ಮೋಸಗಾರರು. 1 ಟಿಬಿ ಅಂತ ಹೇಳಿ 931 ಜಿಬಿ ಕೊಟ್ಟಿದ್ದೀರಿ. ಫೋಟೋಗಳೂ ಹಾಳಾಗಿವೆ. ದಯವಿಟ್ಟು ಏನಾದರೂ ಮಾಡಿ.’

ಉತ್ತರ ಬೇಗನೇ ಬಂತು. ‘1 ಟಿಬಿ ಡ್ರೈವ್ ಕಂಪ್ಯೂಟರ್‌ನಲ್ಲಿ 931 ಜಿಬಿ ತೋರಿಸುವುದು ಸಹಜ. ಉತ್ಪನ್ನದಲ್ಲಿ ದೋಷವಿಲ್ಲ.’ ಜೊತೆಗೆ ಮುಂದಿನ ಖರೀದಿಗೆ ಒಂದು ಕೂಪನ್. ದೂರು ಕ್ಲೋಸ್.

ಸೆಲ್ಲರ್ ಹೇಳಿದ ಆ ಮಾತು ನಿಜ. ತಯಾರಕರ ಲೆಕ್ಕದಲ್ಲಿ 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಒಂದು ಜಿಬಿಯನ್ನು 1024 × 1024 × 1024 ಬೈಟ್ ಅಂತ ಲೆಕ್ಕ ಹಾಕುತ್ತದೆ. ಹಾಗೆ ಭಾಗಿಸಿದರೆ 931 ಬರುತ್ತದೆ, ಒಳ್ಳೆಯ ಡ್ರೈವ್‌ನಲ್ಲೂ ಅಷ್ಟೇ ಬರುತ್ತದೆ. ದೂರಿನಲ್ಲಿ ಎರಡು ಮಾತಿದ್ದವು. ಉತ್ತರಿಸಲು ಸುಲಭವಾದದ್ದನ್ನು ಅವರು ಹಿಡಿದುಕೊಂಡರು, ಕಷ್ಟವಾದದ್ದನ್ನು ಬಿಟ್ಟುಬಿಟ್ಟರು. ‘ಏನಾದರೂ ಮಾಡಿ’ ಅಂದದ್ದಕ್ಕೆ ಅವರಿಗೆ ಅಗ್ಗವಾದದ್ದನ್ನೇ ಮಾಡಿದರು. ಅದಕ್ಕೇ ನಾನು ಹೇಳುವುದು, ದೂರಿನಲ್ಲಿ ಹತ್ತು ಕಾರಣ ತುಂಬಬೇಡಿ. ಗಟ್ಟಿಯಾದ ಒಂದೇ ಕಾರಣ ಇರಲಿ. ಅದರ ಪಕ್ಕದಲ್ಲಿ ದುರ್ಬಲವಾದ ಇನ್ನೊಂದು ಸೇರಿದರೆ ಅವರಿಗೆ ತಪ್ಪಿಸಿಕೊಳ್ಳುವ ದಾರಿ ನಾವೇ ತೋರಿಸಿದ ಹಾಗೆ.

ನಿಜವಾದ ಮೋಸ ಇರುವುದು ಡ್ರೈವ್‌ನ ಒಳಗೆ. ಅಲ್ಲಿ ಕಂಟ್ರೋಲರ್ ಅಂತ ಒಂದು ಚಿಪ್ ಇರುತ್ತದೆ, ‘ನನ್ನಲ್ಲಿ ಇಷ್ಟು ಜಾಗ ಇದೆ’ ಎಂದು ಕಂಪ್ಯೂಟರ್‌ಗೆ ಹೇಳುವುದು ಅದೇ. ನಕಲಿ ಡ್ರೈವ್‌ನಲ್ಲಿ ಆ ಚಿಪ್ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಒಳಗೆ ಇರುವುದು 64 ಜಿಬಿಯಷ್ಟು ಮೆಮೊರಿ, ಹೇಳುವುದು 1 ಟಿಬಿ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೇ ಬರೆದುಕೊಳ್ಳುತ್ತದೆ. ಫೈಲ್‌ಗಳ ಹೆಸರಿನ ಪಟ್ಟಿ ಸಾಮಾನ್ಯವಾಗಿ ಡ್ರೈವ್‌ನ ಆರಂಭದಲ್ಲಿ ಇರುವುದರಿಂದ ಹೆಸರುಗಳು ಮಾತ್ರ ಕಾಣುತ್ತವೆ.

ಇದನ್ನು ಬಾಯಿಮಾತಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಡ್ರೈವ್ ತುಂಬುವಷ್ಟು ಬರೆದು, ಬರೆದದ್ದನ್ನು ಮತ್ತೆ ಓದಿ, ಹೋಲಿಸಿ ನೋಡಬೇಕು. ವಿಂಡೋಸ್‌ನಲ್ಲಾದರೆ ಇದಕ್ಕೆ H2testw ಎಂಬ ಉಚಿತ ಪ್ರೋಗ್ರಾಂ ಇದೆ. ಲಿನಕ್ಸ್‌ನಲ್ಲಾದರೆ f3. ಮೊದಲು ಡ್ರೈವ್‌ನಲ್ಲಿ ಚೆನ್ನಾಗಿ ತೆರೆಯುವ ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟು ಖಾಲಿ ಮಾಡಿ, ಆಮೇಲೆ ಪರೀಕ್ಷೆ ಶುರು ಮಾಡಬೇಕು. ನಾವು f3 ಬಳಸಿದೆವು.

```
f3write /media/usb/
f3read /media/usb/
```

ಇಲ್ಲಿ `/media/usb/` ಇರುವ ಕಡೆ ನಿಮ್ಮ ಡ್ರೈವ್ ಇರುವ ಜಾಗದ ಹೆಸರು ಹಾಕಬೇಕು. ಕೊನೆಗೆ ಬಂದ ಸಾಲುಗಳಲ್ಲಿ ನಮಗೆ ಬೇಕಾದವು ಎರಡೇ:

```
Data OK: 58.00 GB (121634816 sectors)
Data LOST: 873.25 GB (1831337984 sectors)
```

ಎರಡನ್ನೂ ಕೂಡಿಸಿದರೆ ಸುಮಾರು 931. ಅಂದರೆ ಡ್ರೈವ್ ‘ಇದೆ’ ಎಂದು ಹೇಳಿದ ಅಷ್ಟೂ ಜಾಗದಲ್ಲಿ ನಿಜವಾಗಿ ಉಳಿದದ್ದು 58 ಮಾತ್ರ. 931 ಸಹಜ ಎಂಬ ಉತ್ತರ ಈಗ ಸೆಲ್ಲರ್‌ನ ಕೈ ಹಿಡಿಯುವುದಿಲ್ಲ.

ಈ ಪರೀಕ್ಷೆಗೆ ಸಮಯ ಬೇಕು. ಸೆಕೆಂಡಿಗೆ 10 ಎಂಬಿ ವೇಗದಲ್ಲಿ ಬರೆದರೆ 1 ಟಿಬಿ ತುಂಬಲು ಸುಮಾರು 28 ಗಂಟೆ ಹಿಡಿಯುತ್ತದೆ, ಓದಲು ಇನ್ನಷ್ಟು. ಹಾಗಾಗಿ ವಾಪಸ್ ಮಾಡುವ ಗಡುವಿನ ಕೊನೆಯ ದಿನದವರೆಗೆ ಕಾಯಬೇಡಿ. ಗಡುವು ಹತ್ತಿರ ಬಂದಿದ್ದರೆ ಮೊದಲು ದೂರು ದಾಖಲಿಸಿ, ಪರೀಕ್ಷೆಯ ಫಲಿತಾಂಶವನ್ನು ಆಮೇಲೆ ಅದೇ ದೂರಿಗೆ ಸೇರಿಸಿ.

ಇನ್ನೊಂದು ಕೆಲಸ ಅದಕ್ಕೂ ಮುಂಚೆ ಆಗಬೇಕು. ಪ್ರಾಡಕ್ಟ್ ಪೇಜಿನ ಸ್ಕ್ರೀನ್‌ಶಾಟ್. ದೂರು ಹೋದ ಮೇಲೆ ಸೆಲ್ಲರ್ ಪೇಜನ್ನು ಬದಲಿಸಬಹುದು, ತೆಗೆದೂ ಹಾಕಬಹುದು. ಹೆಸರು, ‘1 ಟಿಬಿ’ ಎಂದು ಬರೆದ ಸಾಲು, ಸೆಲ್ಲರ್ ಹೆಸರು, ಲಿಂಕ್, ತೆಗೆದ ದಿನಾಂಕ, ಇವೆಲ್ಲ ಒಂದೇ ಚಿತ್ರದಲ್ಲಿ ಕಾಣುವ ಹಾಗೆ ತೆಗೆಯಿರಿ. ಡ್ರೈವ್‌ನ ಫೋಟೋ ತೆಗೆಯುವಾಗ ಪಾರ್ಸೆಲ್ ಮೇಲಿನ ಲೇಬಲ್ ಪಕ್ಕದಲ್ಲೇ ಇಡಿ. ‘ಇದು ನಾವು ಕಳಿಸಿದ ಡ್ರೈವ್ ಅಲ್ಲ’ ಎಂಬ ಮಾತು ಬರುವುದು ಇಂಥ ದೂರುಗಳಲ್ಲಿ ಮಾಮೂಲು.

ಇಷ್ಟಾದ ಮೇಲೆ ನಾವಿಬ್ಬರೂ ಕೂತು ಎರಡನೇ ಪತ್ರ ಬರೆದೆವು. ವಿಷಯದ ಸಾಲಿನಲ್ಲೇ ಆರ್ಡರ್ ನಂಬರ್ ಹಾಕಿ, ‘ಹೇಳಿದಂತೆ ಇಲ್ಲದ ವಸ್ತು, ಪೂರ್ತಿ ರಿಫಂಡ್ ಕೋರಿಕೆ’ ಎಂದು ಬರೆದೆವು. ಒಳಗೆ ಇದ್ದದ್ದು ಇಷ್ಟು:

‘ಈ ಆರ್ಡರ್‌ನ ಪೂರ್ತಿ ಹಣವನ್ನು, ಡೆಲಿವರಿ ಚಾರ್ಜ್ ಸೇರಿಸಿ, ನಾನು ಪಾವತಿ ಮಾಡಿದ ಕಾರ್ಡಿಗೇ ವಾಪಸ್ ಕೊಡಬೇಕೆಂದು ಕೇಳುತ್ತಿದ್ದೇನೆ. ಆರ್ಡರ್ ಮಾಡಿದ್ದು ಮಾರ್ಚ್ 3, ತಲುಪಿದ್ದು ಮಾರ್ಚ್ 9.

ನಿಮ್ಮ ಪೇಜಿನಲ್ಲಿ 1 ಟಿಬಿ ಎಂದು ಬರೆದಿದೆ (ಚಿತ್ರ 1). ಬಂದ ಡ್ರೈವ್‌ನಲ್ಲಿ ನಿಜವಾಗಿ ಉಳಿಯುವುದು 58 ಜಿಬಿ ಮಾತ್ರ. f3 ಪರೀಕ್ಷೆಯಲ್ಲಿ 58.00 ಜಿಬಿ ಸರಿಯಾಗಿದೆ, 873.25 ಜಿಬಿ ನಷ್ಟವಾಗಿದೆ (ಚಿತ್ರ 2). ಡ್ರೈವ್ ಮತ್ತು ಪಾರ್ಸೆಲ್ ಲೇಬಲ್ ಒಟ್ಟಿಗೆ ಚಿತ್ರ 3ರಲ್ಲಿವೆ.

1 ಟಿಬಿ ಡ್ರೈವ್ 931 ಜಿಬಿ ಎಂದು ತೋರಿಸುವುದು ಸಹಜ ಎಂಬುದು ನನಗೆ ಗೊತ್ತಿದೆ. ನನ್ನ ದೂರು ಅದರ ಬಗ್ಗೆ ಅಲ್ಲ.

ಬದಲಿ ವಸ್ತು, ಕೂಪನ್ ಅಥವಾ ಅರ್ಧ ರಿಫಂಡ್ ನನಗೆ ಬೇಡ. ಡ್ರೈವ್ ವಾಪಸ್ ಕಳಿಸಲು ಸಿದ್ಧಳಿದ್ದೇನೆ, ಅದರ ಖರ್ಚು ನಿಮ್ಮದು. ರಿಟರ್ನ್ ಲೇಬಲ್ ಕಳಿಸಿ. ಮಾರ್ಚ್ 24ರೊಳಗೆ ಒಪ್ಪಿಗೆ ಬರದಿದ್ದರೆ ಇದೇ ದಾಖಲೆಗಳೊಂದಿಗೆ ನನ್ನ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳುತ್ತೇನೆ.’

ಅಷ್ಟೇ ಪತ್ರ. ಫೋಟೋ ಹಾಳಾದ ನೋವು ಅದರಲ್ಲಿಲ್ಲ. ತಂಗಿಗೆ ಅದು ಸ್ವಲ್ಪ ಬೇಜಾರೇ ಆಯಿತು, ‘ಅಣ್ಣಾ, ನನಗೆ ಆಗಿದ್ದು ಅವರಿಗೆ ಗೊತ್ತಾಗೋದು ಬೇಡ್ವಾ?’ ಅಂದಳು. ಗೊತ್ತಾಗಬೇಕು, ನಿಜ. ಅದನ್ನು ರಿವ್ಯೂನಲ್ಲಿ ಬರೆಯಲು ಹೇಳಿದೆ, ಮುಂದೆ ಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ರಿಫಂಡ್ ಪತ್ರದಲ್ಲಿ ಮಾತ್ರ ಆ ಜಾಗವನ್ನು 58 ಎಂಬ ಅಂಕಿಗೇ ಬಿಡುವುದು ಒಳ್ಳೆಯದು.

ಈ ಸಲ ಬಂದ ಉತ್ತರದ ದನಿಯೇ ಬೇರೆ. ಮೊದಲು ಸ್ವಲ್ಪ ಹಣ ಕೊಡುತ್ತೇವೆ, ಡ್ರೈವ್ ನೀವೇ ಇಟ್ಟುಕೊಳ್ಳಿ ಅಂದರು. ಪತ್ರದಲ್ಲಿ ‘ಅರ್ಧ ರಿಫಂಡ್ ಬೇಡ’ ಎಂದು ಆಗಲೇ ಬರೆದಿದ್ದರಿಂದ ಆ ಸಾಲನ್ನೇ ಮತ್ತೆ ಕಳಿಸಿದರೆ ಸಾಕಾಯಿತು. ಆಮೇಲೆ ‘ದೂರು ಹಿಂದಕ್ಕೆ ತಗೊಳ್ಳಿ, ತಕ್ಷಣ ಹಣ ಹಾಕುತ್ತೇವೆ’ ಅಂತ ಸೈಟಿನ ಹೊರಗೆ ಮೆಸೇಜ್ ಮಾಡಿದರು. ಇಲ್ಲಿ ತುಂಬಾ ಜನ ಸೋಲುತ್ತಾರೆ. ಹಿಂದಕ್ಕೆ ತೆಗೆದುಕೊಂಡ ದೂರನ್ನು ಎಷ್ಟೋ ಸೈಟುಗಳು ಮತ್ತೆ ತೆರೆಯಲು ಬಿಡುವುದಿಲ್ಲ. ಹೊರಗೆ ನಡೆದ ಮಾತುಕತೆಯನ್ನು ಸೈಟಿನವರು ಪರಿಗಣಿಸದೆಯೂ ಇರಬಹುದು. ಹಣ ಖಾತೆಗೆ ಬಂದು ಬೀಳುವವರೆಗೆ ದೂರು ತೆರೆದೇ ಇರಲಿ, ಮಾತೆಲ್ಲ ಸೈಟಿನ ಮೆಸೇಜ್ ಬಾಕ್ಸ್‌ನಲ್ಲೇ ನಡೆಯಲಿ. ತಂಗಿ ಹಾಗೇ ಮಾಡಿದಳು. ಕೊನೆಗೆ ರಿಟರ್ನ್ ಲೇಬಲ್ ಬಂತು, ಡ್ರೈವ್ ಹೋಯಿತು, ಹಣ ಪೂರ್ತಿ ಕಾರ್ಡಿಗೇ ಬಂತು.

ಒಪ್ಪಿಗೆಯೇ ಬರದಿದ್ದರೆ? ಮೊದಲು ಸೈಟಿನವರ ಬಳಿ ಹೋಗಿ, ಸೆಲ್ಲರ್ ಬೇರೆ, ಸೈಟ್ ಬೇರೆ. ಅಲ್ಲೂ ಆಗದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೇಳಬೇಕು. ಕಾರ್ಡಿನಲ್ಲಿ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕವೇ ವಾಪಸ್ ಕೇಳುವ ಈ ದಾರಿಗೇ ಚಾರ್ಜ್‌ಬ್ಯಾಕ್ ಅನ್ನುವುದು. ‘ಹೇಳಿದಂತೆ ಇಲ್ಲದ ವಸ್ತು’ ಎನ್ನುವುದು ಚಾರ್ಜ್‌ಬ್ಯಾಕ್‌ಗೆ ಒಪ್ಪಿತವಾದ ಕಾರಣಗಳಲ್ಲಿ ಒಂದು. ಮೊದಲು ಸೆಲ್ಲರ್ ಜೊತೆ ಬಗೆಹರಿಸಲು ನೋಡಿದಿರಾ, ವಸ್ತು ವಾಪಸ್ ಕೊಡಲು ಮುಂದಾದಿರಾ ಎಂದು ಬ್ಯಾಂಕಿನವರು ಕೇಳುತ್ತಾರೆ. ಆಗ ಆ ಎರಡನೇ ಪತ್ರವನ್ನೇ ಕೊಡಬಹುದು, ಎರಡಕ್ಕೂ ಉತ್ತರ ಅದರಲ್ಲೇ ಇದೆ. ಚಾರ್ಜ್‌ಬ್ಯಾಕ್‌ಗೂ ಗಡುವು ಇರುತ್ತದೆ. ಸೆಲ್ಲರ್ ‘ಇವತ್ತು, ನಾಳೆ’ ಅನ್ನುತ್ತಾ ದಿನ ದೂಡುವಾಗಲೇ ಬ್ಯಾಂಕಿಗೆ ಫೋನ್ ಮಾಡಿ ಆ ಕೊನೆಯ ದಿನ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಡ್ರೈವ್ ವಾಪಸ್ ಕಳಿಸುವವರು ಇದೊಂದು ಗಮನಿಸಿ. ಲಿಖಿತ ಒಪ್ಪಿಗೆ, ಟ್ರ್ಯಾಕಿಂಗ್ ನಂಬರ್ ಎರಡೂ ಇಲ್ಲದೆ ಕಳಿಸಬೇಡಿ. ಪರೀಕ್ಷೆಯ ಸ್ಕ್ರೀನ್‌ಶಾಟ್ ಬಿಟ್ಟರೆ ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ ಆ ಡ್ರೈವ್ ಒಂದೇ.