ಕನ್ನಡಿ ನರಕೋಶ: ಫಾರ್ವರ್ಡ್ ಹೇಳುವಷ್ಟು ಸಾಬೀತಾಗಿದೆಯಾ?

"ಬೇರೆಯವರ ನೋವು ನಮಗೆ ತಿಳಿಯೋದು ಮೆದುಳಿನ ಕನ್ನಡಿ ನರಕೋಶದಿಂದಂತ. ಅವು ಕೆಟ್ಟರೆ ಮಕ್ಕಳಿಗೆ ಆಟಿಸಂ ಬರ್ತದಂತ. ಖರೇ ಏನ್ರೀ ಸರ್?" ಎಂದು ಫಾರ್ವರ್ಡ್ ಒಂದನ್ನು ಓದಿ ವಿಜಯಪುರದ ಪಾಲಕರ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದಾರೆ.

ಇಲ್ರೀ ಅಕ್ಕಾರೆ, ಅಷ್ಟು ಸಾಬೀತಾಗಿಲ್ಲ. ಈ ಕೋಶಗಳು ಮೊದಲು ಕಂಡಿದ್ದು 1990ರ ದಶಕದ ಆರಂಭದಲ್ಲಿ, ಇಟಲಿಯ ಪಾರ್ಮಾದಲ್ಲಿ, ಮಕಾಕ್ ಕೋತಿಗಳಲ್ಲಿ. ಕೋತಿ ತಾನೇ ವಸ್ತು ಹಿಡಿದಾಗಲೂ, ಬೇರೆಯವರು ಹಿಡಿಯೋದನ್ನು ನೋಡಿದಾಗಲೂ ಅದೇ ಕೋಶ ಮಿಡಿಯುತ್ತಿತ್ತು. ಆದರೆ ಮಕಾಕ್‌ಗಳು ಅನುಕರಣೆಯಲ್ಲಿ ತೀರಾ ಹಿಂದೆ. ಕೋಶ ಇದ್ದ ಮಾತ್ರಕ್ಕೆ ಅನುಕರಣೆ ಬರೋದಿಲ್ಲ ಅನ್ನೋದಕ್ಕೆ ಇದೇ ಸುಳಿವು ಅಲ್ವಾ?

ಮನುಷ್ಯರಲ್ಲಿ ಹೆಚ್ಚಿನ ಅಧ್ಯಯನ ಮೆದುಳಿನ ಸ್ಕ್ಯಾನ್‌ನಿಂದ ನಡೆದಿದೆ. ರೊಟ್ಟಿ ಬಡಿಯುವಾಗಲೂ, ಬಡಿಯೋದನ್ನು ನೋಡುವಾಗಲೂ ಒಂದೇ ಜಾಗ ಚುರುಕಾಗಬಹುದು. ಆದರೆ ಸ್ಕ್ಯಾನ್‌ನ ಒಂದು ಚುಕ್ಕೆಯಲ್ಲೇ ಲಕ್ಷಾಂತರ ಕೋಶಗಳಿರುತ್ತವೆ. ಎರಡೂ ಸಲ ಮಿಡಿದದ್ದು ಅದೇ ಕೋಶವಾ ಎಂದು ತಿಳಿಯೋದಿಲ್ಲ.

ಒಂಟಿ ಕೋಶದ ನೇರ ದಾಖಲೆ 2010ರಲ್ಲಿ ಬಂತು. ಮೂರ್ಛೆರೋಗ ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕಲು ವೈದ್ಯರು 21 ರೋಗಿಗಳ ಮೆದುಳಿಗೆ ತಂತಿ ಇಳಿಸಿದ್ದರು. ಆ ರೋಗಿಗಳು ವಸ್ತು ಹಿಡಿದರು, ನಕ್ಕರು, ಮುಖ ಗಂಟಿಕ್ಕಿದರು. ಬೇರೆಯವರು ಹಾಗೆ ಮಾಡೋದನ್ನೂ ನೋಡಿದರು. ಕೆಲವು ಕೋಶಗಳು ಎರಡಕ್ಕೂ ಮಿಡಿದವು. ಇನ್ನು ಕೆಲವು ಮಾಡುವಾಗ ಮಿಡಿದು, ನೋಡುವಾಗ ತಣ್ಣಗಾದವು. ಅಂದರೆ ಮನುಷ್ಯರಲ್ಲಿ ಇಂಥ ಕೋಶ ಇವೆ. ಆದರೆ ತಂತಿ ಇದ್ದದ್ದು ಚಿಕಿತ್ಸೆಗೆ ಬೇಕಾದ ಜಾಗದಲ್ಲಿ, ಕೋತಿಯಲ್ಲಿ ಕಂಡ ಜಾಗದಲ್ಲಲ್ಲ. ಮರುಕವನ್ನು ಅಲ್ಲಿ ಅಳೆದೇ ಇರಲಿಲ್ಲ.

ಆಟಿಸಂ ಮಾತು ನನಗೆ ಜಾಸ್ತಿ ಬೇಸರ ತರುತ್ತದೆ. ಈ ಕೋಶ ಕೆಟ್ಟರೆ ಆಟಿಸಂ ಬರ್ತದೆ ಅನ್ನೋ "ಒಡೆದ ಕನ್ನಡಿ" ಊಹೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳು ಬೇರೆಯವರ ಕೈ ಚಲನೆಯ ಉದ್ದೇಶವನ್ನು ಸರಿಯಾಗಿಯೇ ಗುರುತಿಸುತ್ತಾರೆ. ಇದರ ಹೆಸರಲ್ಲಿ ಯಾರಾದರೂ ತರಬೇತಿ ಮಾರಲು ಬಂದರೆ ಸುಮ್ನೆ ದುಡ್ಡು ಕೊಡಬೇಡಿ.